ಚಿಕ್ಕ ಕ್ಲಿನಿಕ್‌ಗೆ ದಾರಿಫಲಕ: ಎಲ್ಲಿ, ಎಷ್ಟು ಎತ್ತರದಲ್ಲಿ, ಯಾವ ಚಿತ್ರದೊಂದಿಗೆ?

ಪ್ರಶ್ನೆ: ತಾಲ್ಲೂಕು ಕೇಂದ್ರದಲ್ಲಿ ನಮ್ಮ ತಂದೆ ಕಟ್ಟಿಸಿದ ಮನೆಯಲ್ಲೇ ನನ್ನ ಕ್ಲಿನಿಕ್ ಇದೆ. ಒಳಗೆ ಬಂದರೆ ಹಾಲ್. ಅದರ ಎಡಕ್ಕೆ ಚೀಟಿ ಮಾಡಿಸುವ ಕಿಟಕಿ, ಪಕ್ಕದಲ್ಲೇ ಔಷಧಿ ಕಿಟಕಿ. ಹಾಲ್ ದಾಟಿದರೆ ಒಂಬತ್ತು ಮೀಟರ್ ಉದ್ದದ ಓಣಿ. ಓಣಿಯ ಬಲಗೋಡೆಯಲ್ಲಿ ನನ್ನ ಕೋಣೆ, ಮುಂದೆ ಇಂಜೆಕ್ಷನ್ ಕೋಣೆ. ಓಣಿ ಮುಗಿದಲ್ಲಿ ಎಡಕ್ಕೆ ಲ್ಯಾಬ್, ಬಲಕ್ಕೆ ಶೌಚಾಲಯ. ಹಾಲ್‌ನಿಂದ ಮೆಟ್ಟಿಲು ಹತ್ತಿದರೆ ನನ್ನ ಪತ್ನಿಯ ಹಲ್ಲಿನ ಆಸ್ಪತ್ರೆ. ಈಗಾಗಲೇ ಇಪ್ಪತ್ತೆರಡು ಬೋರ್ಡ್ ಹಾಕಿಸಿದ್ದೇನೆ. ಆದರೂ ಜನ ಲ್ಯಾಬ್ ಹುಡುಕುತ್ತಾ ನನ್ನ ಕೋಣೆಯ ಬಾಗಿಲು ತೆರೆಯುತ್ತಾರೆ, ಕಾಂಪೌಂಡರ್‌ಗೆ ದಿನವಿಡೀ ದಾರಿ ಹೇಳುವುದೇ ಕೆಲಸವಾಗಿದೆ. ಓದು ಬಾರದ ಹಿರಿಯರೂ ಬಹಳ ಮಂದಿ ಬರುತ್ತಾರೆ. ಏನು ಬದಲಾಯಿಸಬೇಕು?

ಉತ್ತರ: ಡಾಕ್ಟರೇ, ನೀವು ಕಳಿಸಿದ ಫೋಟೋಗಳಲ್ಲಿ ನಾನು ಮೊದಲು ನೋಡಿದ್ದು ನಿಮ್ಮ ಲ್ಯಾಬ್‌ನ ಬೋರ್ಡನ್ನು. ಅದು ಲ್ಯಾಬ್‌ನ ಬಾಗಿಲ ಮೇಲಿದೆ. ಅಂದರೆ ಲ್ಯಾಬ್ ಎಲ್ಲಿದೆ ಎಂದು ಗೊತ್ತಾದವರಿಗೆ ಮಾತ್ರ ಅದು ಕಾಣುತ್ತದೆ. ನಿಮ್ಮ ಇಪ್ಪತ್ತೆರಡು ಬೋರ್ಡ್‌ಗಳಲ್ಲಿ ಹೆಚ್ಚಿನವು ಹೀಗೇ ಕೋಣೆಯ ಹೆಸರು ಹೇಳುತ್ತವೆ. ಕಾಲು ನಿಂತು ಅನುಮಾನ ಹುಟ್ಟುವ ಜಾಗದಲ್ಲಿ ಒಂದೂ ಇಲ್ಲ. ಹಾಗಾಗಿ ಬೋರ್ಡ್‌ಗಳನ್ನು ಹೆಚ್ಚಿಸುವುದು ಬೇಡ, ಮೊದಲು ಜನ ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಗುರುತಿಸೋಣ.

ಇದಕ್ಕೆ ಮೂರು ದಿನ ಸಾಕು. ಕಾಂಪೌಂಡರ್ ಕೈಗೆ ನಿಮ್ಮ ಮನೆಯ ನಕ್ಷೆ ಬರೆದ ಒಂದು ಹಾಳೆ ಕೊಡಿ. ಯಾರಾದರೂ ದಾರಿ ಕೇಳಿದಾಗಲೆಲ್ಲ ಅವರು ನಿಂತಿದ್ದ ಜಾಗದಲ್ಲಿ ಒಂದು ಗೀಟು ಹಾಕಿ, ಏನನ್ನು ಹುಡುಕುತ್ತಿದ್ದರು ಎಂದು ಪಕ್ಕದಲ್ಲಿ ಬರೆಯಲಿ. ಅವರು ಬಳಸಿದ ಮಾತನ್ನೇ ಬರೆಯಬೇಕು. ಆ ಮಾತುಗಳು ಮುಂದೆ ಬೋರ್ಡ್ ಬರೆಸುವಾಗ ಬೇಕಾಗುತ್ತವೆ. ಗೀಟುಗಳು ಮನೆಯ ತುಂಬ ಹರಡಿರುವುದಿಲ್ಲ, ನಾಲ್ಕೈದು ಕಡೆ ಗುಂಪುಗೂಡಿರುತ್ತವೆ.

ನಿಮ್ಮ ನಕ್ಷೆ ನೋಡಿ ಆ ಜಾಗಗಳನ್ನು ನಾನು ಊಹಿಸಬಲ್ಲೆ. ಸಕ್ಕರೆ ಕಾಯಿಲೆಗೆ ತೋರಿಸಲು ಬಂದ ಒಬ್ಬ ಅಜ್ಜಿಯ ಹಿಂದೆಯೇ ನಡೆದು ನೋಡಿ. ಅವರು ಹೊಸ್ತಿಲು ದಾಟಿದ ಕೂಡಲೇ ನಿಲ್ಲುತ್ತಾರೆ. ಚೀಟಿ ಮಾಡಿಸಿದ ಮೇಲೆ ನಿಮ್ಮ ಕೋಣೆಗೆ ಬರುತ್ತಾರೆ. ನೀವು ರಕ್ತ ಪರೀಕ್ಷೆ ಬರೆದುಕೊಡುತ್ತೀರಿ. ಅಜ್ಜಿ ಬಾಗಿಲಾಚೆ ಬಂದು ಮತ್ತೆ ನಿಲ್ಲುತ್ತಾರೆ. ಎದುರಿಗೆ ಬರಿಯ ಗೋಡೆ, ಎಡಕ್ಕೆ ತಾವು ಬಂದ ದಾರಿ, ಬಲಕ್ಕೆ ಕತ್ತಲೆಯ ಓಣಿ. ಓಣಿಯ ತುದಿಗೆ ಹೋದರೆ ಅಲ್ಲಿ ಎಡವೋ ಬಲವೋ ಎಂದು ಮೂರನೆಯ ಸಲ ನಿಲುಗಡೆ. ರಕ್ತ ಕೊಟ್ಟು ಹೊರಬಂದಾಗ ಮತ್ತೆ ಡಾಕ್ಟರ ಬಳಿ ಹೋಗಬೇಕೋ ಔಷಧಿಗೆ ಹೋಗಬೇಕೋ ಎಂದು ನಾಲ್ಕನೆಯ ಸಲ. ದಾರಿಫಲಕಗಳು ಬೇಕಾಗಿರುವುದು ಈ ನಾಲ್ಕು ಜಾಗಗಳಲ್ಲಿ. ಇವುಗಳಲ್ಲಿ ಎರಡು ಮರಳುವ ದಾರಿಯವು ಎಂಬುದನ್ನು ಗಮನಿಸಿ. ಬೋರ್ಡ್ ಹಾಕಿಸುವವರು ಗೇಟಿನಿಂದ ಒಳಗೆ ನಡೆದು ಯೋಚಿಸುತ್ತಾರೆ. ಕೋಣೆಯಿಂದ ಹೊರಬರುವವರ ಕಣ್ಣಿಗೆ ಏನು ಬೀಳುತ್ತದೆ ಎಂದು ನೋಡುವುದೇ ಇಲ್ಲ. ನಿಮ್ಮ ಬಾಗಿಲನ್ನು ಜನ ಮತ್ತೆ ಮತ್ತೆ ತೆರೆಯುವುದಕ್ಕೆ ಕಾರಣವೂ ಇದೇ ಇರಬೇಕು: ಲ್ಯಾಬ್ ಎಲ್ಲೆಂದು ಕೇಳಲು ಅವರಿಗೆ ಗೊತ್ತಿರುವ ಬಾಗಿಲು ಅದೊಂದೇ.

ಈಗ ಎತ್ತರಕ್ಕೆ ಬರುತ್ತೇನೆ. ಫೋಟೋಗಳಲ್ಲಿ ಒಂದು ಬೋರ್ಡ್ ಸ್ವಿಚ್ ಬೋರ್ಡ್ ಪಕ್ಕದಲ್ಲಿದೆ, ಒಂದು ಟ್ಯೂಬ್‌ಲೈಟ್ ಕೆಳಗಿದೆ, ಇನ್ನೊಂದು ಕ್ಯಾಲೆಂಡರ್ ಮೊಳೆಗೆ ನೇತಾಡುತ್ತಿದೆ. ಹೀಗಿದ್ದಾಗ ಪ್ರತಿಯೊಂದು ಬೋರ್ಡನ್ನೂ ಹೊಸದಾಗಿ ಹುಡುಕಬೇಕು. ಎಲ್ಲವೂ ಒಂದೇ ಎತ್ತರದಲ್ಲಿದ್ದರೆ ಎರಡನೆಯ ಬೋರ್ಡ್ ನೋಡುವಷ್ಟರಲ್ಲಿ ಕಣ್ಣಿಗೆ ಅಭ್ಯಾಸವಾಗಿರುತ್ತದೆ, ಮೂರನೆಯದನ್ನು ಅದು ತಾನೇ ಅಲ್ಲಿ ಹುಡುಕುತ್ತದೆ. ನಿಮ್ಮಂಥ ಕಟ್ಟಡಕ್ಕೆ ನಾನು ಎರಡೇ ಗೆರೆಗಳನ್ನು ಇಟ್ಟುಕೊಳ್ಳುತ್ತೇನೆ. ಒಂದು ಕಣ್ಣಿನ ಗೆರೆ, ನೆಲದಿಂದ 150 ಸೆಂಟಿಮೀಟರ್. ಇನ್ನೊಂದು ಬಾಗಿಲು ಚೌಕಟ್ಟಿನ ನೆತ್ತಿಯ ಗೆರೆ. ನಮ್ಮ ಮನೆಗಳಲ್ಲಿ ಲಿಂಟಲ್ ಸಾಮಾನ್ಯವಾಗಿ ಏಳು ಅಡಿಗೆ, ಅಂದರೆ ಸುಮಾರು 210 ಸೆಂಟಿಮೀಟರ್‌ಗೆ ಬರುತ್ತದೆ. ಕಟ್ಟಿದ ಮೇಸ್ತ್ರಿ ಆ ಗೆರೆಯನ್ನು ಮನೆಯ ಸುತ್ತ ಆಗಲೇ ಎಳೆದುಕೊಟ್ಟಿದ್ದಾನೆ, ಅದನ್ನು ಬಳಸಿಕೊಳ್ಳಿ. ಕೋಣೆಯ ಹೆಸರಿನ ಫಲಕಗಳ ನಡುಭಾಗ ಕಣ್ಣಿನ ಗೆರೆಗೆ ಬರಲಿ. ದೂರದಿಂದ ಓದಬೇಕಾದವುಗಳ ಕೆಳ ಅಂಚು ಲಿಂಟಲ್ ಗೆರೆಗೆ ಬರಲಿ. ಈ ಎರಡು ಗೆರೆಗಳನ್ನು ಬಿಟ್ಟು ಬೇರೆಲ್ಲೂ ದಾರಿ ಹೇಳುವ ಬೋರ್ಡ್ ಇರಬಾರದು.

ಹಾಲ್‌ನಲ್ಲಿ ಕಣ್ಣಿನ ಗೆರೆ ಏಕೆ ಸಾಲದು ಎಂದರೆ ಸಂತೆಯ ದಿನ ಅಲ್ಲಿ ಇಪ್ಪತ್ತು ಜನ ನಿಂತಿರುತ್ತಾರೆ, 150 ಸೆಂಟಿಮೀಟರ್‌ನಲ್ಲಿರುವುದೆಲ್ಲ ತಲೆಗಳ ಹಿಂದೆ ಮುಚ್ಚಿಹೋಗುತ್ತದೆ. ಹಾಗೆಂದು ಮೇಲೆ ಹಾಕಿದರೆ ಸಾಕೆಂದೂ ಅಲ್ಲ. ಮೇಲಿನ ಬೋರ್ಡ್‌ನ ನಡುಭಾಗ 230 ಸೆಂಟಿಮೀಟರ್‌ನಲ್ಲಿದ್ದು ನೋಡುವವರ ಕಣ್ಣು 150ರಲ್ಲಿದ್ದರೆ, ಹತ್ತು ಡಿಗ್ರಿಗಿಂತ ಹೆಚ್ಚು ಕತ್ತೆತ್ತದೆ ಓದಲು ಸುಮಾರು ನಾಲ್ಕೂವರೆ ಮೀಟರ್ ದೂರ ಬೇಕು. ಅದಕ್ಕಿಂತ ಹತ್ತಿರ ಬಂದವರಿಗೆ ಅದು ಇದ್ದೂ ಇಲ್ಲದಂತೆ. ನೋವಿನಲ್ಲಿ ಬಂದವರು ತಲೆ ತಗ್ಗಿಸಿಯೇ ನಡೆಯುತ್ತಾರೆ, ಕತ್ತೆತ್ತಿ ಹುಡುಕುವುದಿಲ್ಲ. ಹಾಗಾಗಿ ನಿಮ್ಮ ಮೊದಲ ದಾರಿಫಲಕ ಹಾಲ್‌ನ ಆಚೆ ತುದಿಯಲ್ಲಿ, ಓಣಿಯ ಬಾಯಿಯ ಮೇಲಿನ ತೊಲೆಯ ಮೇಲೆ ಇರಬೇಕು. ಬಾಗಿಲಿನಿಂದ ಅಲ್ಲಿಗೆ ಏಳು ಮೀಟರ್ ಎಂದು ನಕ್ಷೆಯಲ್ಲಿ ಬರೆದಿದ್ದೀರಿ. ಹೊಸ್ತಿಲಲ್ಲಿ ನಿಂತವರಿಗೆ ಅದು ಸರಿಯಾದ ದೂರ. ಈಗಿರುವ ಫ್ಯಾನ್ ಅದನ್ನು ಮರೆಮಾಡುತ್ತದೆಯೇ ಎಂದು ಮಾತ್ರ ಹೊಸ್ತಿಲಲ್ಲೇ ನಿಂತು ನೋಡಿಕೊಳ್ಳಿ.

ಓಣಿಯಲ್ಲಿ ಇನ್ನೊಂದು ತೊಡಕಿದೆ. ಗೋಡೆಗೆ ಅಂಟಿದ ಫಲಕ ಓಣಿಯಲ್ಲಿ ನಡೆಯುವವರಿಗೆ ಓರೆಯಾಗಿ, ಬರಿಯ ಗೆರೆಯಂತೆ ಕಾಣುತ್ತದೆ. ಎದುರಿಗೆ ಹೋಗಿ ತಿರುಗಿ ನಿಂತರಷ್ಟೇ ಅಕ್ಷರ. ಅದಕ್ಕೇ ಪ್ರತಿ ಬಾಗಿಲ ಬಳಿ ಗೋಡೆಯಿಂದ ಹೊರಚಾಚುವ, ಎರಡೂ ಮುಖಗಳಲ್ಲಿ ಚಿತ್ರವಿರುವ 20 ಸೆಂಟಿಮೀಟರ್ ಚೌಕದ ಒಂದು ಸಣ್ಣ ಫಲಕ ಲಿಂಟಲ್ ಗೆರೆಯ ಮೇಲೆ ಬೇಕು. ಔಷಧಿ ಅಂಗಡಿಯವರು ರಸ್ತೆಗೆ ಚಾಚಿ ಹಾಕಿಸುತ್ತಾರಲ್ಲ, ಅದೇ ಬಗೆ. ಅದರ ಕೆಳಗೆ ಬಾಗಿಲ ಪಕ್ಕದ ಗೋಡೆಯಲ್ಲಿ ಕಣ್ಣಿನ ಗೆರೆಗೆ ಹೆಸರಿನ ಫಲಕ. ಹೆಸರನ್ನು ಬಾಗಿಲ ಹಲಗೆಗೆ ಹೊಡೆಯಲೇಬೇಡಿ. ನಿಮ್ಮ ಇಂಜೆಕ್ಷನ್ ಕೋಣೆಯ ಬಾಗಿಲು ದಿನವಿಡೀ ತೆರೆದಿರುತ್ತದೆ, ಅದರ ಮೇಲಿನ ಬೋರ್ಡ್ ಒಳಗೋಡೆಗೆ ಮುಖ ಮಾಡಿ ನಿಂತಿರುವುದು ಫೋಟೋದಲ್ಲೇ ಕಾಣುತ್ತದೆ. ಚಿಲಕ ಇರುವ ಬದಿಯ ಗೋಡೆಯಲ್ಲಿ, ಚೌಕಟ್ಟಿನಿಂದ ಒಂದು ಗೇಣಿನೊಳಗೆ ಹಾಕಿಸಿ. ಕೈ ಚಿಲಕಕ್ಕೆ ಹೋಗುವಾಗ ಕಣ್ಣೂ ಅಲ್ಲೇ ಇರುತ್ತದೆ.

ಅಳತೆ ತೆಗೆಯುವ ಬಗ್ಗೆ ಒಂದು ಮಾತು. ಹಳೆಯ ಮನೆಯ ನೆಲ ನೀರು ಹೋಗಲೆಂದು ಇಳಿಜಾರಾಗಿರುತ್ತದೆ. ಪ್ರತಿ ಬೋರ್ಡ್‌ಗೂ ನೆಲದಿಂದ ಟೇಪ್ ಹಿಡಿದರೆ ಒಂಬತ್ತು ಮೀಟರ್ ಓಣಿಯಲ್ಲಿ ಸಾಲು ಇಳಿದುಹೋಗಿ, ಕೆಲಸ ಕೆಟ್ಟಂತೆ ಕಾಣುತ್ತದೆ. ಓಣಿಯ ನಡುವೆ ಒಂದೇ ಕಡೆ 150 ಅಳೆದು, ಅಲ್ಲಿಂದ ಮೇಸ್ತ್ರಿಯ ನೀರಿನ ಲೆವೆಲ್ ಪೈಪ್ ಹಿಡಿದು ಎರಡೂ ತುದಿಗೆ ಗುರುತು ಹಾಕಿ, ಬಣ್ಣದ ದಾರ ಬಡಿಸಿ. ಆ ದಾರದ ಗುರುತಿಗೇ ಎಲ್ಲ ಫಲಕಗಳ ನಡುಭಾಗ. ಮೆಟ್ಟಿಲು ಹತ್ತಿ ಬೇರೆ ನೆಲಕ್ಕೆ ಹೋದಾಗ ಮಾತ್ರ ಹೊಸದಾಗಿ ಅಳೆಯಿರಿ.

ಬಾಣದ ವಿಷಯದಲ್ಲಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಒಂದು ನರ್ಸಿಂಗ್ ಹೋಮ್‌ಗೆ ನಕ್ಷೆ ನೋಡಿ ಬಾಣಗಳನ್ನು ಬಿಡಿಸಿ, ಬೋರ್ಡ್ ಮಾಡಿಸಿ ಕಳಿಸಿದ್ದೆ. ಹೊಡೆಯುವಾಗ ಈ ಗೋಡೆಯಲ್ಲಿ ವಿದ್ಯುತ್ ಕೊಳವೆ ಇದೆ ಎಂದು ಬಡಗಿ ಅದನ್ನು ಎದುರುಗೋಡೆಗೆ ಹಾಕಿಬಿಟ್ಟ. ಅಕ್ಷರ, ಚಿತ್ರ ಎಲ್ಲ ಸರಿಯಾಗಿಯೇ ಇದ್ದವು. ಆದರೆ ಎಡ ಬಲವಾಗಿ, ಬಲ ಎಡವಾಗಿ, ಪ್ರಸೂತಿ ಕೋಣೆ ತೋರಿಸಬೇಕಾದ ಬಾಣ ಉಗ್ರಾಣ ತೋರಿಸುತ್ತಿತ್ತು. ಹತ್ತು ದಿನ ಯಾರೂ ಹೇಳಲಿಲ್ಲ, ಏಕೆಂದರೆ ಸಿಬ್ಬಂದಿ ಬೋರ್ಡ್ ಓದುವುದಿಲ್ಲ. ಅಂದಿನಿಂದ ಪ್ರತಿ ಬೋರ್ಡ್‌ನ ಬೆನ್ನಿಗೆ ಮಾರ್ಕರ್‌ನಲ್ಲಿ ಅದರ ಜಾಗದ ಸಂಖ್ಯೆ ಮತ್ತು ಓದುವವರು ಯಾವ ಕಡೆ ಮುಖ ಮಾಡಿರುತ್ತಾರೆ ಎಂಬುದನ್ನು ಬರೆಯುತ್ತೇನೆ.

ನಿಮ್ಮಲ್ಲಿ ಇದು ಹೇಗೆ ಬರುತ್ತದೆ ನೋಡಿ. ರಕ್ತ ಪರೀಕ್ಷೆಯ ಕೋಣೆ ಒಂದೇ. ಹಾಲ್‌ನ ತೊಲೆಯ ಮೇಲಿನ ಫಲಕದಲ್ಲಿ ಅದಕ್ಕೆ ನೇರ ಬಾಣ. ನಿಮ್ಮ ಕೋಣೆಯ ಎದುರುಗೋಡೆಯ ಫಲಕದಲ್ಲಿ ಬಲ ಬಾಣ. ಓಣಿಯ ತುದಿಯಲ್ಲಿ ಎಡ ಬಾಣ. ಮೂರೂ ಸರಿ, ಏಕೆಂದರೆ ಬಾಣ ಹುಟ್ಟುವುದು ಓದುವವರು ನಿಂತ ಜಾಗದಿಂದ. ಲ್ಯಾಬ್‌ನಿಂದ ಹೊರಬರುವವರ ಎದುರಿಗಿರುವ ನಾಲ್ಕನೆಯ ಫಲಕದಲ್ಲಿ ಡಾಕ್ಟರ್ ಮತ್ತು ಔಷಧಿ, ಎರಡಕ್ಕೂ ಸೇರಿ ಒಂದೇ ಬಲ ಬಾಣ. ನಿಮ್ಮ ಕೋಣೆಯ ಎದುರಿನದರಲ್ಲಿ ಎಡಕ್ಕೆ ಔಷಧಿ ಮತ್ತು ಹೊರದಾರಿ. ಎಡ ಬಾಣ ಸಾಲಿನ ಎಡ ತುದಿಯಲ್ಲಿ, ಬಲ ಬಾಣ ಬಲ ತುದಿಯಲ್ಲಿ ಇರಲಿ. ಬಾಣವೇ ಫಲಕದಿಂದ ಹೊರಗೆ ಹೊರಟಂತೆ ಕಾಣಬೇಕು.

ಮೇಲ್ಮುಖ ಬಾಣ ಎಂದರೆ ನೇರ ಹೋಗಿ ಎಂದರ್ಥ, ರಸ್ತೆಯ ಫಲಕಗಳಲ್ಲೂ ಹಾಗೆಯೇ. ಆದರೆ ಮೆಟ್ಟಿಲ ಪಕ್ಕದಲ್ಲಿ ಅದನ್ನು ಹಾಕಿದರೆ ಜನ ಮಹಡಿ ಹತ್ತುತ್ತಾರೆ, ಅದು ಅವರ ತಪ್ಪಲ್ಲ. ನಿಮ್ಮಲ್ಲಿ ಓಣಿಯ ಬಾಯಿಗೂ ಮೆಟ್ಟಿಲಿಗೂ ಎರಡೇ ಮೀಟರ್ ಅಂತರ. ಆದ್ದರಿಂದ ಹಲ್ಲಿನ ಚಿಕಿತ್ಸೆಯನ್ನು ತೊಲೆಯ ಫಲಕಕ್ಕೆ ಸೇರಿಸಬೇಡಿ. ಮೆಟ್ಟಿಲ ಬುಡದಲ್ಲಿ ಹಲ್ಲಿನ ಚಿತ್ರ, ಮೆಟ್ಟಿಲ ಚಿತ್ರ, ಅದರ ಮೇಲೆ ಓರೆಯಾಗಿ ಏರುವ ಬಾಣ ಇರುವ ಬೇರೆಯದೇ ಫಲಕ ಇರಲಿ. ತೊಲೆಯ ಫಲಕದಲ್ಲಿ ಡಾಕ್ಟರ್, ರಕ್ತ ಪರೀಕ್ಷೆ, ಶೌಚಾಲಯ ಎಂಬ ಮೂರು ಸಾಲು, ಒಂದು ಬಾಣ. ಅಷ್ಟೇ. ಚೀಟಿ ಮತ್ತು ಔಷಧಿ ಕಿಟಕಿಗಳು ಕಣ್ಣಿಗೇ ಕಾಣುತ್ತವೆ, ಅವುಗಳ ನೆತ್ತಿಯ ಮೇಲೆ ಚಿತ್ರವೂ ಹೆಸರೂ ಇದ್ದರೆ ಸಾಕು.

ಚಿತ್ರಗಳನ್ನು ಸ್ಟಿಕ್ಕರ್ ಅಂಗಡಿಯಲ್ಲಿ ಸಿಕ್ಕಂತೆ ಆರಿಸಬೇಡಿ. ಆಸ್ಪತ್ರೆಗಳಿಗೆಂದೇ ಚಿತ್ರಗಳನ್ನು ಪರೀಕ್ಷಿಸಿ ರೂಪಿಸಿದ ಕೆಲಸವೊಂದು ಅಮೆರಿಕದಲ್ಲಿ ನಡೆದಿದೆ. ಇಂಗ್ಲಿಷ್ ಬಾರದ, ಮುಖ್ಯವಾಗಿ ಸ್ಪ್ಯಾನಿಷ್ ಮಾತಾಡುವ ರೋಗಿಗಳಿಗಾಗಿ ಹಬ್ಲಾಮೋಸ್ ಹುಂತೋಸ್ ಎಂಬ ಯೋಜನೆ ಫಲಕ ವಿನ್ಯಾಸಕಾರರ ಸಂಘದೊಂದಿಗೆ ಸೇರಿ ಇದನ್ನು ಮಾಡಿತು. 2010ರ ಹೊತ್ತಿಗೆ ಅದರಲ್ಲಿ ಐವತ್ತಕ್ಕೂ ಹೆಚ್ಚು ಚಿತ್ರಗಳಾಗಿದ್ದವು, ಅವು ಉಚಿತವಾಗಿ ದೊರೆಯುತ್ತವೆ. ಗೆರೆಯ ದಪ್ಪ, ಮನುಷ್ಯಾಕೃತಿ ಎಲ್ಲ ಒಂದೇ ಬಗೆಯಾಗಿರುವುದರಿಂದ ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಆದರೆ ಅಲ್ಲಿ ತಿಳಿದ ಚಿತ್ರ ಇಲ್ಲಿ ತಿಳಿಯುತ್ತದೆ ಎಂದು ನಂಬಬೇಡಿ. ಔಷಧಿಗೆ ಕಲ್ಲು-ಕುಟ್ಟಾಣಿಯ ಚಿತ್ರ ಹಾಕುವ ರೂಢಿ ಇದೆ. ನಮ್ಮ ಹಳ್ಳಿಯ ಹಿರಿಯರಿಗೆ ಅದು ಅಡುಗೆಮನೆ. ಮಾತ್ರೆಯ ಪಟ್ಟಿ ಮತ್ತು ಬಾಟಲಿ ಇದ್ದರೆ ತಕ್ಷಣ ಹೊಳೆಯುತ್ತದೆ. ಲ್ಯಾಬ್‌ಗೆ ಸೂಕ್ಷ್ಮದರ್ಶಕ ಬೇಡ, ಅದನ್ನು ರೋಗಿ ಕಂಡೇ ಇರುವುದಿಲ್ಲ. ಅವರು ಕಂಡಿರುವುದು ರಕ್ತದ ಹನಿ ಮತ್ತು ಗಾಜಿನ ಕೊಳವೆ. ಸಿರಿಂಜ್ ಒಂದನ್ನೇ ಹಾಕಿದರೆ ಇಂಜೆಕ್ಷನ್ ಕೊಡುವ ಕೋಣೆಯೋ ರಕ್ತ ತೆಗೆಯುವ ಕೋಣೆಯೋ ಎಂದು ಗೊಂದಲ. ನಿಮ್ಮಲ್ಲಿ ಎರಡೂ ಇರುವುದರಿಂದ ಸಿರಿಂಜನ್ನು ಇಂಜೆಕ್ಷನ್‌ಗೆ ಮಾತ್ರ ಮೀಸಲಿಡಿ, ತೋಳಿನ ಚಿತ್ರದ ಜೊತೆಗೆ. ಡಾಕ್ಟರ್‌ಗೆ ಸ್ಟೆತಸ್ಕೋಪ್ ಸಾಕು.

ಆರಿಸಿದ ಪ್ರತಿ ಚಿತ್ರವನ್ನು ಅಕ್ಷರವಿಲ್ಲದೆ ಕಾರ್ಡಿಗೆ ಅಂಟಿಸಿ, ಹಾಲ್‌ನಲ್ಲಿ ಕಾಯುತ್ತಿರುವ ಹತ್ತು ಮಂದಿಗೆ ತೋರಿಸಿ. “ಇದು ಲ್ಯಾಬ್ ಅಲ್ಲವೇ” ಎಂದು ಕೇಳಿದರೆ ಡಾಕ್ಟರ ಮುಂದೆ ಎಲ್ಲರೂ ಹೌದೆನ್ನುತ್ತಾರೆ. “ಈ ಚಿತ್ರ ಇರುವ ಕಡೆ ಏನು ಮಾಡುತ್ತಾರೆ” ಎಂದು ಕೇಳಬೇಕು, ಅದೂ ನೀವಲ್ಲ, ಕಾಂಪೌಂಡರ್ ಕೇಳಲಿ. ಹತ್ತರಲ್ಲಿ ಮೂವರು ತಡವರಿಸಿದರೂ ನಾನು ಆ ಚಿತ್ರವನ್ನು ಕೈಬಿಡುತ್ತೇನೆ.

ಎಷ್ಟೇ ಒಳ್ಳೆಯ ಚಿತ್ರವಾದರೂ ಪಕ್ಕದಲ್ಲಿ ಮಾತು ಇರಲಿ. ಹಿರಿಯರ ಜೊತೆ ಓದು ಬಲ್ಲ ಮೊಮ್ಮಗ ಬಂದಿರುತ್ತಾನೆ. ಆ ಮಾತು ಯಾವುದಿರಬೇಕು ಎಂಬುದು ಕಾಂಪೌಂಡರ ಹಾಳೆಯಲ್ಲಿದೆ. “ಪ್ರಯೋಗಾಲಯ ಎಲ್ಲಿ” ಎಂದು ನಿಮ್ಮಲ್ಲಿ ಯಾರೂ ಕೇಳಿರುವುದಿಲ್ಲ, “ರಕ್ತ ಕೊಡೋದು ಎಲ್ಲಿ” ಎಂದು ಕೇಳಿರುತ್ತಾರೆ. ಫಲಕದಲ್ಲಿ “ರಕ್ತ ಪರೀಕ್ಷೆ” ಎಂದಿರಲಿ. “ನೋಂದಣಿ ವಿಭಾಗ” ಬದಲು “ಚೀಟಿ”. ಕೋಣೆಗೆ ಒಮ್ಮೆ ಇಟ್ಟ ಹೆಸರು ಎಲ್ಲ ಫಲಕಗಳಲ್ಲೂ ಅದೇ ಇರಬೇಕು. ಈಗ ನಿಮ್ಮಲ್ಲಿ ಒಂದೇ ಕೋಣೆಗೆ ಲ್ಯಾಬ್, ಪ್ರಯೋಗಾಲಯ, ರಕ್ತ ತಪಾಸಣೆ ಎಂಬ ಮೂರು ಹೆಸರುಗಳಿವೆ, ಹೊಸಬರಿಗೆ ಅವು ಮೂರು ಕೋಣೆಗಳು.

ಅಕ್ಷರದ ಗಾತ್ರಕ್ಕೆ ನಾನು ಇಟ್ಟುಕೊಂಡಿರುವ ಲೆಕ್ಕ ದೂರದ ಇನ್ನೂರರಲ್ಲಿ ಒಂದು ಪಾಲು. ಏಳು ಮೀಟರ್‌ಗೆ ಮೂರೂವರೆ ಸೆಂಟಿಮೀಟರ್. ಪೊರೆ ಬಂದ ಕಣ್ಣುಗಳನ್ನು ನೆನೆದು ಇದನ್ನು ತುಸು ಧಾರಾಳವಾಗಿಯೇ ಇಟ್ಟಿದ್ದೇನೆ. ಚಿತ್ರಕ್ಕೆ ಅದರ ಎರಡು ಮೂರು ಪಟ್ಟು, ಅಂದರೆ ತೊಲೆಯ ಫಲಕದಲ್ಲಿ ಹತ್ತು ಸೆಂಟಿಮೀಟರ್. ಆದರೆ ಕನ್ನಡದಲ್ಲಿ ಒಂದು ಮೋಸ ನಡೆಯುತ್ತದೆ. ಪ್ರಿಂಟಿಂಗ್ ಅಂಗಡಿಯಲ್ಲಿ ಪದವನ್ನು ಪಟ್ಟಿಯ ಎತ್ತರಕ್ಕೆ ಎಳೆದು ಕೂರಿಸುತ್ತಾರೆ. “ಔಷಧಿ”ಗೆ ಒತ್ತಕ್ಷರವಿಲ್ಲ, ಆದ್ದರಿಂದ ಅದು ದೊಡ್ಡದಾಗಿ ಕೂರುತ್ತದೆ. “ರಕ್ತ ಪರೀಕ್ಷೆ”ಯಲ್ಲಿ ಎರಡು ಒತ್ತುಗಳು ಕೆಳಗೆ ಇಳಿಯುತ್ತವೆ, ಅವಕ್ಕೂ ಅದೇ ಪಟ್ಟಿಯಲ್ಲಿ ಜಾಗ ಮಾಡಬೇಕಾಗಿ ಇಡೀ ಪದ ಕುಗ್ಗುತ್ತದೆ. ನಿಮ್ಮ ಈಗಿನ ಬೋರ್ಡ್‌ಗಳಲ್ಲಿ ರಕ್ತ ತಪಾಸಣೆ ಸಣ್ಣದಾಗಿ, ಔಷಧಿ ಎದ್ದು ಕಾಣುವುದಕ್ಕೆ ಇದೇ ಕಾರಣ. ಮೂರೂವರೆ ಸೆಂಟಿಮೀಟರ್ ಎಂದರೆ ಒತ್ತು, ಗುಣಿತ ಬಿಟ್ಟು “ರ” ಅಕ್ಷರದ ಎತ್ತರ ಎಂದು ಬಿಡಿಸಿ ಹೇಳಿ, ಕೆಳಗಿನ ಒತ್ತಿಗೆ ಬೇರೆ ಜಾಗ ಬಿಡಿಸಿ. ಅತಿ ದಪ್ಪ ಅಕ್ಷರವನ್ನೂ ಬೇಡವೆನ್ನಿ. ನಮ್ಮ ಅಕ್ಷರಗಳ ಗುಂಡಗಿನ ಹೊಟ್ಟೆ ತುಂಬಿಹೋಗಿ ದೂರಕ್ಕೆ ಎಲ್ಲವೂ ಒಂದೇ ಥರದ ಕಪ್ಪು ಉಂಡೆಗಳಂತೆ ಕಾಣುತ್ತವೆ. ಅಚ್ಚಿಗೆ ಹೋಗುವ ಮೊದಲು ಅಂತಿಮ ಪಿಡಿಎಫ್ ತರಿಸಿ ನೀವೇ ಓದಿ. ಫಾಂಟ್ ಬದಲಾದಾಗ ಒತ್ತುಗಳು ಜಾಗ ತಪ್ಪುವುದುಂಟು.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಳಿಯ ಮೇಲೆ ಕಡುನೀಲಿ ಸಾಕು. ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆದಾಗಲೂ ಸ್ಪಷ್ಟವಾಗಿ ಕಂಡರೆ ಅದು ನಡೆಯುತ್ತದೆ. ಹಸಿರನ್ನು ತುರ್ತು ಹೊರದಾರಿಗೆ, ಕೆಂಪನ್ನು ಬೆಂಕಿ ಆರಿಸುವ ಸಲಕರಣೆಗೆ ಬಿಟ್ಟುಬಿಡಿ. ನಿಮ್ಮ ಗೇಟಿನ ಬೋರ್ಡ್‌ನಲ್ಲಿರುವ ಕೆಂಪು ಶಿಲುಬೆಯನ್ನು ಮಾತ್ರ ಇಂದೇ ತೆಗೆಸಿ. ಬಿಳಿಯ ಮೇಲೆ ಕೆಂಪು ಶಿಲುಬೆ ರೆಡ್ ಕ್ರಾಸ್‌ನ ಮತ್ತು ಸೇನಾ ವೈದ್ಯಸೇವೆಯ ಲಾಂಛನ. 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಖಾಸಗಿ ಕ್ಲಿನಿಕ್ ಅನುಮತಿಯಿಲ್ಲದೆ ಅದನ್ನು ಬಳಸುವಂತಿಲ್ಲ. ಗೇಟಿನ ಬೋರ್ಡ್ ಹೇಗೂ ಹೊಸದಾಗಿ ಬರೆಸುವಾಗ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂಬುದನ್ನೂ ನೋಡಿಕೊಳ್ಳಿ. ನೋಂದಣಿ ಪ್ರಮಾಣಪತ್ರ, ದರಪಟ್ಟಿಗಳನ್ನು ಚೀಟಿ ಕಿಟಕಿಯ ಬಳಿ ಒಂದೇ ಹಲಗೆಗೆ ಸೇರಿಸಿ. ಅವು ದಾರಿಫಲಕಗಳ ಗೆರೆಯಲ್ಲಿ ಬೆರೆತರೆ ಬಾಣಗಳು ಕಾಗದಗಳ ನಡುವೆ ಕಳೆದುಹೋಗುತ್ತವೆ.

ಇಷ್ಟಾದ ಮೇಲೂ ನೇರವಾಗಿ ಬೋರ್ಡ್ ಮಾಡಿಸಬೇಡಿ. ಎಲ್ಲವನ್ನೂ ಮೊದಲು ಕಾಗದದಲ್ಲಿ ನಿಜವಾದ ಗಾತ್ರಕ್ಕೆ ಅಚ್ಚು ಹಾಕಿಸಿ, ಹಳೆಯ ಇಪ್ಪತ್ತೆರಡನ್ನೂ ಕೆಳಗಿಳಿಸಿ, ಅವುಗಳ ಬದಲು ಈ ಕಾಗದಗಳನ್ನು ಟೇಪಿನಲ್ಲಿ ಅಂಟಿಸಿ ಒಂದು ವಾರ ಬಿಡಿ. ಹಳೆಯವು ಗೋಡೆಯಲ್ಲೇ ಇದ್ದರೆ ಪರೀಕ್ಷೆ ಪರೀಕ್ಷೆಯಾಗುವುದಿಲ್ಲ. ಕಾಂಪೌಂಡರ್ ಮತ್ತೆ ಮೂರು ದಿನ ಗೀಟು ಹಾಕಲಿ. ಓಣಿಯ ತುದಿಯಲ್ಲಿ ಗೀಟುಗಳು ಕಡಿಮೆಯಾಗಿ ಬೇರೆಲ್ಲೋ ಹೊಸದಾಗಿ ಹುಟ್ಟಿದರೆ ಆ ಜಾಗಕ್ಕೊಂದು ಕಾಗದ ಸೇರಿಸಿ ನೋಡಿ.

ಆಮೇಲೆ ಮೂರು ಮಿಲಿಮೀಟರ್ ದಪ್ಪದ ಎಸಿಪಿ, ಅಂದರೆ ಅಲ್ಯೂಮಿನಿಯಂ ಹೊದಿಕೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ಹೊಳಪಿಲ್ಲದ ವಿನೈಲ್ ಅಂಟಿಸಿ ಮಾಡಿಸಿ. ಹೊಳಪಿನದಾದರೆ ಟ್ಯೂಬ್‌ಲೈಟ್ ಅದರೊಳಗೆ ಬಿಳಿ ಗೆರೆಯಾಗಿ ಕೂತು ಅರ್ಧ ಪದವನ್ನು ನುಂಗುತ್ತದೆ. ಸುಣ್ಣದ ಗೋಡೆಗೆ ಅಂಟುಪಟ್ಟಿ ನಿಲ್ಲದು, ಮಳೆಗಾಲದಲ್ಲಿ ಬಣ್ಣದ ಸಮೇತ ಕಿತ್ತು ಬರುತ್ತದೆ. ಪ್ಲಗ್ ಹೊಡೆಸಿ ಸ್ಕ್ರೂ ಹಾಕಿಸಿ. ಹೊಡೆಯುವ ಕೆಲಸವನ್ನು ಕ್ಲಿನಿಕ್ ಮುಚ್ಚಿರುವ ಭಾನುವಾರ ಇಟ್ಟುಕೊಳ್ಳಿ, ನೀವೂ ಜೊತೆಗಿರಿ. ಪ್ರತಿ ಫಲಕವನ್ನು ಸ್ಕ್ರೂ ಬಿಗಿಯುವ ಮೊದಲು ಒಬ್ಬರು ಗೋಡೆಗೆ ಹಿಡಿದು ನಿಲ್ಲಲಿ, ನೀವು ರೋಗಿ ನಿಲ್ಲುವ ಜಾಗಕ್ಕೆ ಹೋಗಿ ಬಾಣದ ದಿಕ್ಕಿಗೆ ಕೈ ಚಾಚಿ ನೋಡಿ. ಕೈ ಸರಿಯಾದ ಬಾಗಿಲಿನತ್ತ ಇದ್ದರೆ ಮಾತ್ರ ಬಿಗಿಯಲು ಹೇಳಿ.